ರಾತ್ರಿ ಎಂಟೂವರೆಯ 240p

ಐಪಿಎಲ್ ಪಂದ್ಯವೊಂದು ಮುಗಿಯಲು ಸುಮಾರು ಮೂರೂವರೆ ಗಂಟೆ ಬೇಕು. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡವರು ಅದನ್ನು ಪೂರ್ತಿ ಮೊಬೈಲಿನಲ್ಲೇ ನೋಡಬೇಕೆಂದರೆ ಟಾಸ್ ಹಾಕುವುದಕ್ಕೂ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಬೇಕು. ವಿಡಿಯೊ ತಡೆಯಿಲ್ಲದೆ ಓಡಲು 720p ಗೆ ಸೆಕೆಂಡಿಗೆ 2.5 ಮೆಗಾಬಿಟ್, 360p ಗೆ 0.7 ಮೆಗಾಬಿಟ್ ವೇಗವಿರಲಿ ಎನ್ನುತ್ತದೆ ಯೂಟ್ಯೂಬ್. ಇದನ್ನೇ ಅಳತೆಗೋಲು ಮಾಡಿಕೊಂಡರೆ ಇಡೀ ಪಂದ್ಯಕ್ಕೆ 720p ನಲ್ಲಿ ಹತ್ತಿರಹತ್ತಿರ 4 ಜಿಬಿ ಬೇಕು, 360p ನಲ್ಲಿ 1.1 ಜಿಬಿ ಸಾಕು. ಆಪ್ ಬದಲಾದರೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಆದರೆ ತೀರ್ಮಾನ ಬದಲಾಗುವುದಿಲ್ಲ. ಕೊನೆಯ ಓವರ್ ಬೇಕಾದವರು 360p ಒತ್ತುತ್ತಾರೆ.

ಇಂಥವರ ಫೋನಿನಲ್ಲಿ ಚಿತ್ರ ಮಸುಕಾಗಿರುವುದನ್ನು ಕಂಡು ‘ಆ ಊರಲ್ಲಿ ನೆಟ್ ಸ್ಲೋ’ ಅಂದುಬಿಡುವುದು ಸುಲಭ. ನೆಟ್ ಚೆನ್ನಾಗಿಯೇ ಇರಬಹುದು. ಕೊರತೆ ಇರುವುದು ಪ್ಯಾಕಿನಲ್ಲಿ. ಸಣ್ಣ ಊರಿನ ವೀಕ್ಷಕರು ಯಾವ ರೆಸಲ್ಯೂಶನ್‌ನಲ್ಲಿ ನೋಡುತ್ತಾರೆ ಎಂಬುದು ಅಲ್ಲಿನ ಬ್ಯಾಂಡ್‌ವಿಡ್ತ್ ಬಗ್ಗೆ ನಿಜಕ್ಕೂ ಬಹಳ ಹೇಳುತ್ತದೆ. ಆದರೆ ಆ ಅಂಕಿಯನ್ನು ಆರಿಸಿದ್ದು ನೋಡುವವರೋ ಫೋನೋ ಎಂಬುದು ಮೊದಲು ಗೊತ್ತಾಗಬೇಕು.

ಫೋನು ತಾನೇ ಆರಿಸುವ ಕ್ರಮ ಹೀಗಿದೆ. ಸರ್ವರಿನಲ್ಲಿ ಒಂದೇ ವಿಡಿಯೊದ ಹಲವು ಪ್ರತಿಗಳಿರುತ್ತವೆ: 144p, 240p, 360p, ಹೀಗೆ ಮೇಲಕ್ಕೆ. ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿಟ್ಟಿರುತ್ತಾರೆ. Auto ಇಟ್ಟಿದ್ದರೆ ಒಂದು ತುಣುಕು ಬಂದು ತಲುಪಲು ಎಷ್ಟು ಹೊತ್ತಾಯಿತು, ಮುಂದಕ್ಕೆ ಎಷ್ಟು ಸೆಕೆಂಡಿನ ವಿಡಿಯೊ ಶೇಖರವಾಗಿದೆ ಎಂಬುದನ್ನು ಫೋನು ನೋಡುತ್ತಲೇ ಇರುತ್ತದೆ. ತುಣುಕು ತಡವಾಯಿತೆಂದರೆ ಮುಂದಿನದನ್ನು ಕೆಳಗಿನ ಪ್ರತಿಯಿಂದ ತರಿಸಿಕೊಳ್ಳುತ್ತದೆ. ಮೊದಲೇ ಚಿತ್ರೀಕರಿಸಿದ ವಿಡಿಯೊ ಆದರೆ ಒಂದಷ್ಟು ಭಾಗವನ್ನು ಮುಂಚಿತವಾಗಿ ತುಂಬಿಕೊಂಡು ಕುಳಿತಿರುತ್ತದೆ, ಹಾಗಾಗಿ ನೆಟ್ ನಡುವೆ ತಡವರಿಸಿದ್ದು ನೋಡುವವರಿಗೆ ಗೊತ್ತೇ ಆಗದಿರಬಹುದು. ಲೈವ್ ಪಂದ್ಯದಲ್ಲಿ ಆ ಸೌಲಭ್ಯವಿಲ್ಲ. ಇನ್ನೂ ಎಸೆಯದ ಚೆಂಡನ್ನು ತುಂಬಿಟ್ಟುಕೊಳ್ಳುವುದು ಹೇಗೆ? ಊರಿನ ನೆಟ್ಟಿನ ಬಲಾಬಲ ಲೈವ್ ಹೊತ್ತಿನಲ್ಲೇ ಸರಿಯಾಗಿ ಬಯಲಾಗುವುದು ಇದೇ ಕಾರಣಕ್ಕೆ.

ಇನ್ನು ಟವರ್. ಒಂದು ತಾಲೂಕು ಕೇಂದ್ರ. ಬಸ್ ನಿಲ್ದಾಣದ ಹಿಂದೆ ಒಂದು 4ಜಿ ಟವರ್. ಅದರ ಒಂದು ದಿಕ್ಕಿನ ಆಂಟೆನಾಗೆ 10 ಮೆಗಾಹರ್ಟ್ಸ್ ಅಗಲದ ಒಂದೇ ತರಂಗಪಟ್ಟಿ ಇದೆ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಇದರ ಗರಿಷ್ಠ ವೇಗ ಸೆಕೆಂಡಿಗೆ 75 ಮೆಗಾಬಿಟ್ ಆಸುಪಾಸು. ಆದರೆ ಅದು ಟವರಿನ ಪಕ್ಕದಲ್ಲೇ ನಿಂತ ಒಬ್ಬರೇ ಬಳಕೆದಾರರಿಗೆ ಸಿಗುವ ವೇಗ. ಹತ್ತಿರದವರು, ದೂರದವರು, ಗೋಡೆಯೊಳಗಿನವರು ಎಲ್ಲರೂ ಸೇರಿದಾಗ ಒಟ್ಟು 15 ಮೆಗಾಬಿಟ್ ಹಂಚಲು ಸಿಕ್ಕರೆ ಸಾಮಾನ್ಯವೆನ್ನಬಹುದು. ಬೆಳಗಿನ ಜಾವ ಮೂರು ಜನ ವಿಡಿಯೊ ನೋಡುತ್ತಿದ್ದರೆ ತಲೆಗೆ ಐದು ಮೆಗಾಬಿಟ್ ಸಿಕ್ಕಿತು, 1080p ಕೂಡ ಓಡುತ್ತದೆ. ರಾತ್ರಿ ಎಂಟೂವರೆಗೆ ಅದೇ ದಿಕ್ಕಿನಲ್ಲಿ ಮೂವತ್ತು ಜನ ಪಂದ್ಯಕ್ಕೆ ಕುಳಿತರೆ ತಲೆಗೆ ಅರ್ಧ ಮೆಗಾಬಿಟ್. ಅದು 360p ಗೆ ಸಾಲದು, ಮೂವತ್ತು ಫೋನುಗಳೂ 240p ಗೆ ಇಳಿಯುತ್ತವೆ. ಟವರಿನಲ್ಲಿ ಎರಡು ಮೂರು ತರಂಗಪಟ್ಟಿಗಳಿದ್ದರೆ ಈ ಲೆಕ್ಕ ಉದಾರವಾಗುತ್ತದೆ. ಟವರಿನಿಂದ ಆಚೆಗೆ ಫೈಬರ್ ಇಲ್ಲದೆ ಮೈಕ್ರೋವೇವ್ ತಟ್ಟೆಯ ಮೂಲಕವೇ ಎಲ್ಲವೂ ಹಾದುಹೋಗಬೇಕಿದ್ದರೆ ಅಲ್ಲೊಂದು ಇಕ್ಕಟ್ಟು ಹುಟ್ಟಬಹುದು.

ಪಾಲು ಸಮನಾಗಿಯೂ ಇರುವುದಿಲ್ಲ. ಊರಾಚೆ ತೋಟದ ಮನೆಯಲ್ಲಿರುವವರಿಗೆ ಸಿಗ್ನಲ್ ಕ್ಷೀಣವಾಗಿರುವುದರಿಂದ ಅದೇ ವಿಡಿಯೊ ತಲುಪಿಸಲು ಟವರ್ ಹೆಚ್ಚು ಹೊತ್ತು ವ್ಯಯಿಸಬೇಕಾಗುತ್ತದೆ. ಆ ಹೊತ್ತು ಉಳಿದವರ ಪಾಲಿನದು. ‘ಫುಲ್ ಸಿಗ್ನಲ್ ಇದೆ, ಆದರೂ ಗಿರಗಿರ ತಿರುಗ್ತಾನೇ ಇದೆ’ ಎಂಬ ಗೊಣಗಾಟದ ಗುಟ್ಟೂ ಇಲ್ಲೇ ಇದೆ. ಆ ಕಡ್ಡಿಗಳು ಟವರಿನ ದನಿ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂದಷ್ಟೇ ತೋರಿಸುತ್ತವೆ. ಎಷ್ಟು ಜನ ಸಾಲಿನಲ್ಲಿದ್ದಾರೆಂದು ಅಲ್ಲ.

ಹಾಗಾದರೆ ಮಸುಕು ಚಿತ್ರಕ್ಕೆ ಪ್ಯಾಕ್ ಕಾರಣವೋ ಟವರ್ ಕಾರಣವೋ ಪತ್ತೆ ಹಚ್ಚುವುದು ಹೇಗೆ? ಯೂಟ್ಯೂಬ್ ಆಪಿನ ಸೆಟ್ಟಿಂಗ್ಸ್‌ನಲ್ಲಿ Stats for nerds ಎಂಬುದನ್ನು ಚಾಲೂ ಮಾಡಿಕೊಂಡರೆ ವಿಡಿಯೊ ಮೇಲೆಯೇ ಒಂದು ಕಪ್ಪು ಪಟ್ಟಿ ತೆರೆಸಬಹುದು. ಈ ಕ್ಷಣದ ವೇಗ ಎಷ್ಟು, ಎಷ್ಟು ಸೆಕೆಂಡಿನ ವಿಡಿಯೊ ಶೇಖರವಾಗಿದೆ ಎಂಬುದು ಅದರಲ್ಲಿ ಕಾಣುತ್ತದೆ. Auto ಇಟ್ಟು, ಒಂದೇ ಜಾಗದಲ್ಲಿ ಕುಳಿತು, ಬೆಳಿಗ್ಗೆ ಆರಕ್ಕೊಮ್ಮೆ ರಾತ್ರಿ ಒಂಬತ್ತಕ್ಕೊಮ್ಮೆ ನೋಡಬೇಕು. ಬೆಳಿಗ್ಗೆ ಚೆನ್ನಾಗಿದ್ದ ವೇಗ ರಾತ್ರಿ ಕುಸಿದು, ಶೇಖರವಾದ ಸೆಕೆಂಡುಗಳು ಒಂದಂಕಿಗೆ ಇಳಿದು, ಚಿತ್ರ 240p ಗೆ ಜಾರಿದರೆ ಟವರಿನಲ್ಲಿ ನೂಕುನುಗ್ಗಲು. ಎರಡೂ ಹೊತ್ತು ಒಂದೇ ಸಮನೆ ಕೆಟ್ಟದಾಗಿದ್ದು, ಜಗಲಿಗೆ ಬಂದ ಕೂಡಲೇ ಸುಧಾರಿಸಿದರೆ ಸಿಗ್ನಲ್ಲೇ ಒಳಗೆ ಬರುತ್ತಿಲ್ಲ. ವೇಗ ಧಾರಾಳವಾಗಿದ್ದೂ ಚಿತ್ರ 360p ಯಲ್ಲೇ ನಿಂತಿದ್ದರೆ Data saver ಒತ್ತಿಟ್ಟಿರಬಹುದು.

ನಾಲ್ಕನೆಯದೊಂದಿದೆ. ದಿನದ ಡೇಟಾ ಖಾಲಿಯಾದ ಮೇಲೆ ಬಹಳಷ್ಟು ಪ್ಯಾಕುಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೊಬಿಟ್‌ಗೆ ಇಳಿಯುತ್ತದೆ. ವಾಟ್ಸಾಪ್ ಸಂದೇಶ ಹೋದೀತು. 144p ವಿಡಿಯೊಗೆ ಧ್ವನಿಯೂ ಸೇರಿ 100 ಕಿಲೊಬಿಟ್‌ಗೂ ಹೆಚ್ಚು ಬೇಕಾಗುವುದರಿಂದ ಅದು ಓಡುವುದಿಲ್ಲ. ಅಂದರೆ ಕೋಟಾ ಮುಗಿದವರು 144p ನೋಡುವವರ ಲೆಕ್ಕಕ್ಕೂ ಸಿಗುವುದಿಲ್ಲ, ನೋಡುವುದನ್ನೇ ಬಿಟ್ಟಿರುತ್ತಾರೆ.

144p ಎಂದರೆ ಅಡ್ಡಕ್ಕೆ 256, ಉದ್ದಕ್ಕೆ 144 ಚುಕ್ಕಿಗಳು. ಸುದ್ದಿ ವಾಹಿನಿಯ ಕೆಳಪಟ್ಟಿಗೆ ಅದರ ಹತ್ತನೇ ಒಂದು ಭಾಗ ಸಿಕ್ಕರೆ ಹದಿನಾಲ್ಕು ಸಾಲು ಚುಕ್ಕಿ. ಇಂಗ್ಲಿಷ್ ದೊಡ್ಡಕ್ಷರ ಅಷ್ಟರಲ್ಲಿ ಹೇಗೋ ಉಳಿದುಕೊಳ್ಳುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು ಮೂರೂ ಬೇಕು. ಮೊದಲು ಕರಗುವುದು ಒತ್ತಕ್ಷರವೇ. ಕ್ರಿಕೆಟ್ಟಿನಲ್ಲಿ ಚೆಂಡೇ ಕಾಣೆಯಾಗುತ್ತದೆ, ಉಳಿಯುವುದು ವೀಕ್ಷಕ ವಿವರಣೆ. ಜನ ಇದನ್ನೂ ಸಹಿಸಿಕೊಂಡು ನೋಡುತ್ತಾರೆಂದರೆ ಚಿತ್ರ ಎಲ್ಲೂ ನಿಲ್ಲದಿರುವುದೇ ಅವರಿಗೆ ಮುಖ್ಯ ಎಂದಾಯಿತು.

ಇಡೀ ದೇಶವೇ ಒಮ್ಮೆ ಹೀಗೆ ಕೆಳಗಿನ ಮೆಟ್ಟಿಲಿಗೆ ಇಳಿದದ್ದುಂಟು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ದೂರಸಂಪರ್ಕ ಕಂಪನಿಗಳ ಕೋರಿಕೆಯಂತೆ ಯೂಟ್ಯೂಬ್, ನೆಟ್‌ಫ್ಲಿಕ್ಸ್, ಹಾಟ್‌ಸ್ಟಾರ್ ಮುಂತಾದವು ಏಪ್ರಿಲ್ 14ರವರೆಗೆ ಮೊಬೈಲ್ ಡೇಟಾದಲ್ಲಿ 480p ಗಿಂತ ಮೇಲೆ ಕೊಡುವುದಿಲ್ಲವೆಂದು ಒಪ್ಪಿಕೊಂಡವು. ಬೆಂಗಳೂರಿಗೆ ಅದು ಹಿನ್ನಡೆ. ಸಂಜೆಯಾದರೆ 240p ಗೆ ಇಳಿಯುತ್ತಿದ್ದ ಊರುಗಳಿಗೆ ಆ ಮಿತಿ ತಾಗಿರಲಿಕ್ಕೂ ಇಲ್ಲ.

ಸರ್ಕಾರದ ವ್ಯಾಖ್ಯೆಯಂತೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2023ರಲ್ಲಿ 512 ಕಿಲೊಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿತು. 480p ಗೆ ಅದು ಬೇಕಾದಷ್ಟಾಯಿತು, 720p ಗೆ ತುಸು ಕಡಿಮೆ. ಪಂದ್ಯದ ರಾತ್ರಿ ತಲೆಗೆ ಸಿಗುವ ಅರ್ಧ ಮೆಗಾಬಿಟ್ ಮಾತ್ರ ಹಳೆಯ ಗೆರೆಯನ್ನೂ ದಾಟುವುದಿಲ್ಲ.

ಟವರಿಗೆ ಹೊಸ ತರಂಗಪಟ್ಟಿ ಸೇರಿಸಿದರೆ Auto ಇಟ್ಟವರ ಚಿತ್ರ ಅದೇ ರಾತ್ರಿ ಮೇಲೇರುತ್ತದೆ. ಕೋಟಾ ಉಳಿಸಲೆಂದು 360p ಒತ್ತಿಟ್ಟವರದು ಏರುವುದಿಲ್ಲ; ಅವರಿಗೆ ಅಷ್ಟೇ ಬೇಕಾಗಿತ್ತೇನೋ ಎಂಬಂತೆ ಕಂಪನಿಯ ಲೆಕ್ಕದಲ್ಲಿ ಕಾಣುತ್ತದೆ. 2024ರ ಜುಲೈನಲ್ಲಿ ದರ ಏರಿದಾಗ ದೊಡ್ಡ ಕಂಪನಿಗಳು ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕೂ ಮೇಲಿನ ಪ್ಯಾಕುಗಳಿಗೆ ಸೀಮಿತಗೊಳಿಸಿದವು. 1.5 ಜಿಬಿ ಪ್ಯಾಕಿನವರು 5ಜಿ ಟವರಿನ ಬುಡದಲ್ಲೇ ಕುಳಿತರೂ ಪಂದ್ಯಕ್ಕೆ ಮುಂಚಿನ ಆ ಲೆಕ್ಕ ತಪ್ಪುವುದಿಲ್ಲ.