ಗುಮಾಸ್ತನ ಅಡುಗೆಮನೆ

ಜಾರ್ಜ್ ಈಸ್ಟ್‌ಮನ್ ಎಂದರೆ ಗುರುತು ಹತ್ತುವವರು ಕಡಿಮೆ. ಕೊಡ್ಯಾಕ್ ಎಂದರೆ ಸಾಕು, ಕ್ಯಾಮೆರಾಕ್ಕೆ ರೀಲು ಹಾಕಿಸಿದ ಕಾಲದವರಿಗೆಲ್ಲ ಆ ಹಳದಿ ಡಬ್ಬಿ ನೆನಪಾಗುತ್ತದೆ. ಆ ಕಂಪನಿಯ ಬೀಜ ಮೊಳೆತದ್ದು ಅಮೆರಿಕದ ರೋಚೆಸ್ಟರ್ ಊರಿನ ಒಂದು ಅಡುಗೆಮನೆಯಲ್ಲಿ, ಒಬ್ಬ ಬ್ಯಾಂಕ್ ಗುಮಾಸ್ತನ ಕೈಯಲ್ಲಿ.

ಈಸ್ಟ್‌ಮನ್ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮನೆಯಲ್ಲೇ ಬಾಡಿಗೆದಾರರನ್ನು ಇಟ್ಟುಕೊಂಡು ಸಂಸಾರ ತೂಗಿಸಿದರು. ಹುಡುಗ ಶಾಲೆ ಬಿಟ್ಟು ವಿಮಾ ಕಚೇರಿಯಲ್ಲಿ ವಾರಕ್ಕೆ 3 ಡಾಲರ್ ಸಂಬಳಕ್ಕೆ ಸೇರಿದ. ರಾತ್ರಿ ಹೊತ್ತು ಲೆಕ್ಕಪತ್ರ ಬರೆಯುವುದನ್ನು ಕಲಿತು, 1874ರಲ್ಲಿ ರೋಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ವಾರಕ್ಕೆ 15 ಡಾಲರಿನ ಗುಮಾಸ್ತನಾದ. ಬೇರೆಯವರಾಗಿದ್ದರೆ ರಾತ್ರಿ ಓದು ಅಲ್ಲಿಗೆ ನಿಲ್ಲುತ್ತಿತ್ತು.

1877ರಲ್ಲಿ ರಜೆಯ ಪ್ರವಾಸಕ್ಕೆಂದು ಆತ ಕ್ಯಾಮೆರಾ ಕೊಂಡ. ಪ್ರವಾಸ ರದ್ದಾಯಿತು, ಕ್ಯಾಮೆರಾ ಉಳಿಯಿತು. ಆ ಕಾಲದ ಛಾಯಾಗ್ರಹಣವೆಂದರೆ ಒಂದು ಸಣ್ಣ ಗುಡಾರದ ಸಂಸಾರ. ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟುದ್ರವ ಹೊಯ್ದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿ ಇರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ಕತ್ತಲಲ್ಲಿ ತೊಳೆಯಬೇಕು. ಎಲ್ಲಕ್ಕೂ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಚಿತ್ರ ತೆಗೆಯುವವನು ಹೋದಲ್ಲೆಲ್ಲ ಗುಡಾರ, ರಾಸಾಯನಿಕದ ಸೀಸೆ, ನೀರಿನ ಪಾತ್ರೆ ಹೊರಬೇಕಿತ್ತು.

ಇಂಗ್ಲೆಂಡಿನ ಛಾಯಾಗ್ರಹಣ ಪತ್ರಿಕೆಗಳನ್ನು ಓದುತ್ತಿದ್ದ ಈಸ್ಟ್‌ಮನ್‌ಗೆ 1878ರಲ್ಲಿ ಒಂದು ಸುಳಿವು ಸಿಕ್ಕಿತು. ಮೂಳೆ, ಚರ್ಮಗಳನ್ನು ಬೇಯಿಸಿ ತೆಗೆಯುವ ಜೆಲಟಿನ್‌ನಲ್ಲಿ ಬೆಳ್ಳಿಯ ಲವಣ ಬೆರೆಸಿ, ಹದವಾದ ಬಿಸಿಯಲ್ಲಿ ದಿನಗಟ್ಟಲೆ ಇಟ್ಟರೆ ಅದು ಬೆಳಕಿಗೆ ಬಹಳ ಚುರುಕಾಗುತ್ತದೆ ಎಂದು ಚಾರ್ಲ್ಸ್ ಬೆನೆಟ್ ಎಂಬಾತ ಪ್ರಕಟಿಸಿದ್ದ. ಅದನ್ನು ಗಾಜಿಗೆ ಬಳಿದು ಒಣಗಿಸಿಟ್ಟುಕೊಂಡು ಬೇಕಾದಾಗ ಬಳಸಬಹುದು. ಗುಡಾರದ ಗೊಡವೆಯೇ ಇಲ್ಲ.

ಅಂದಿನಿಂದ ಹಗಲು ಬ್ಯಾಂಕಿನ ಲೆಕ್ಕ, ರಾತ್ರಿ ತಾಯಿಯ ಒಲೆ. ಜೆಲಟಿನ್ ಕರಗಿಸುವುದು, ಕತ್ತಲಲ್ಲಿ ಬೆರೆಸುವುದು, ಬಿಸಿ ಏರದಂತೆ ಇಳಿಯದಂತೆ ಕಾಯುವುದು, ಗಾಜಿಗೆ ಬಳಿಯುವುದು. ಹದ ಕಡಿಮೆಯಾದರೆ ಚಿತ್ರ ಮೂಡದು; ಹೆಚ್ಚಾದರೆ ಬೆಳಕು ತಾಗದ ತಟ್ಟೆಯೂ ಮಸಕಾಗಿ ಕಪ್ಪಿಡುತ್ತದೆ. ಎಷ್ಟೋ ರಾತ್ರಿ ಆತ ಒಲೆಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದ.

ಕೈಯಿಂದ ಬಳಿದರೆ ಲೇಪ ಎಲ್ಲ ಕಡೆ ಸಮವಾಗಿ ಕೂರುವುದಿಲ್ಲ. ಅದಕ್ಕೊಂದು ಯಂತ್ರ ಮಾಡಿ, ರಜೆ ಹಾಕಿ 1879ರಲ್ಲಿ ಲಂಡನ್ನಿಗೆ ಹೋಗಿ ಪೇಟೆಂಟ್ ಪಡೆದ. ಮರುವರ್ಷ ಊರಿನಲ್ಲಿ ಒಂದು ಮಹಡಿ ಬಾಡಿಗೆ ಹಿಡಿದು ಒಣತಟ್ಟೆ ಮಾರತೊಡಗಿದ. 1881ರ ಜನವರಿಯಲ್ಲಿ, ತಾಯಿಯ ಮನೆಯಲ್ಲೇ ಬಾಡಿಗೆಗಿದ್ದ ಹೆನ್ರಿ ಸ್ಟ್ರಾಂಗ್ ಎಂಬ ಚಾಟಿ ತಯಾರಕ ಪಾಲುದಾರನಾದ. ಆಗಲೂ ಈಸ್ಟ್‌ಮನ್ ಬ್ಯಾಂಕ್ ಬಿಟ್ಟಿರಲಿಲ್ಲ! ರಾಜೀನಾಮೆ ಕೊಟ್ಟದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ, ತನಗೆ ಬರಬೇಕಿದ್ದ ಬಡ್ತಿ ಬ್ಯಾಂಕಿನ ನಿರ್ದೇಶಕರೊಬ್ಬರ ನೆಂಟನಿಗೆ ಹೋದ ಮೇಲೆ. ಧೈರ್ಯಶಾಲಿಯೆಂದು ಆತನನ್ನು ಹೊಗಳುವವರಿದ್ದಾರೆ. ನನಗೆ ಕಾಣುವುದು ಒಳ್ಳೆಯ ಲೆಕ್ಕಿಗ. ಒಂದು ಕಾಲು ಗಟ್ಟಿ ನೆಲದ ಮೇಲೆ ಊರಿದ ಮೇಲಷ್ಟೇ ಇನ್ನೊಂದನ್ನು ಎತ್ತಿದ.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಅಂಗಡಿಗಳಲ್ಲಿ ಕೂತ ತಟ್ಟೆಗಳು ಕೆಟ್ಟವು, ದೂರು ಬಂತು. ಈಸ್ಟ್‌ಮನ್ ಅವನ್ನೆಲ್ಲ ವಾಪಸು ತರಿಸಿದ. ಹೊಸದಾಗಿ ಮಾಡಹೋದರೆ ಅವೂ ಮಂದ. ಸೂತ್ರ ಅದೇ, ಕೈ ಅದೇ, ಚಿತ್ರ ಮಾತ್ರ ಮೂಡದು. ಕಾರ್ಖಾನೆ ನಿಲ್ಲಿಸಿ ನೂರಾರು ಪ್ರಯೋಗ ಮಾಡಿದರೂ ಗುಟ್ಟು ಸಿಗಲಿಲ್ಲ. 1882ರಲ್ಲಿ ಇಂಗ್ಲೆಂಡಿಗೆ ಹೋಗಿ, ನ್ಯೂಕ್ಯಾಸಲ್‌ನ ಮಾಸನ್ ಮತ್ತು ಸ್ವಾನ್ ಕಂಪನಿಯಿಂದ ಸೂತ್ರ ಕೊಂಡು ಬಂದಾಗ ತಟ್ಟೆಗಳು ಮತ್ತೆ ಚುರುಕಾದವು. ಕಾಟ ಕೊಟ್ಟದ್ದು ಜೆಲಟಿನ್ ಎಂದು ಗೊತ್ತಾಯಿತು. ಒಂದು ಕಡೆಯ ಜೆಲಟಿನ್ ಒಳ್ಳೆಯದು, ಇನ್ನೊಂದು ಕಡೆಯದು ಕೆಟ್ಟದ್ದು ಏಕೆ ಎನ್ನುವುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಅಡುಗೆಮನೆ ಆತನಿಗೆ ಹದ ಕಲಿಸಿತ್ತು, ಕಾರಣ ಕಲಿಸಿರಲಿಲ್ಲ.

ಅದು ತಿಳಿಯಲು ನಾಲ್ಕು ದಶಕ ಬೇಕಾಯಿತು. 1920ರ ದಶಕದಲ್ಲಿ ಕೊಡ್ಯಾಕ್‌ನ ಪ್ರಯೋಗಾಲಯದಲ್ಲಿ ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ವಿಜ್ಞಾನಿ ಜೆಲಟಿನ್‌ನಲ್ಲಿ ಅಡಗಿದ್ದ ಗಂಧಕದ ಅಂಶವನ್ನು ಪತ್ತೆಹಚ್ಚಿದ. ಬೆಳ್ಳಿಯ ಕಣಗಳನ್ನು ಬೆಳಕಿಗೆ ಚುರುಕಾಗಿಸುತ್ತಿದ್ದುದು ಆ ಅತ್ಯಲ್ಪ ಗಂಧಕ. ಅದು ಜೆಲಟಿನ್‌ಗೆ ಬರುತ್ತಿದ್ದುದು ಹಸು ಮೇಯ್ದ ಗಿಡಗಳಿಂದ, ಮುಖ್ಯವಾಗಿ ಸಾಸಿವೆಯಿಂದ.