ಹೊಲದಲ್ಲಿ ಹಿಂಡು, ಹತ್ತು ರಾತ್ರಿ

ಗೋವಿನಜೋಳದ ರಾಶಿ ಮುಗಿದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ರಸ್ತೆಗಳಲ್ಲಿ ಕುರಿ ಹಿಂಡುಗಳು ಕಾಣಿಸಿಕೊಳ್ಳುತ್ತವೆ. ಕೆಲವು ಇಲ್ಲಿನವೇ, ಕೆಲವು ಬೆಳಗಾವಿ, ಬಾಗಲಕೋಟೆ, ಕೊಪ್ಪಳದ ಕಡೆಯವು. ಕುರಿಗಾಹಿಗಳಲ್ಲಿ ಹೆಚ್ಚಿನವರು ಕುರುಬ ಸಮುದಾಯದವರು.

ಇವರ ದಾರಿಯನ್ನು ತೀರ್ಮಾನಿಸುವುದು ಮಳೆ. ಹಾನಗಲ್ಲಿನ ಕಡೆ ಮಳೆ ಹೆಚ್ಚು, ಭತ್ತದ ಗದ್ದೆ, ಕೆರೆಯಂಗಳಗಳಿವೆ. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗಿ, ರಾಣೆಬೆನ್ನೂರಿನ ಹೊತ್ತಿಗೆ ನೆಲ ಬಯಲುಸೀಮೆಯದೇ ಆಗುತ್ತದೆ. ಬೇಸಿಗೆಯಲ್ಲಿ ಹಸಿರು ಉಳಿದ ಪಶ್ಚಿಮದತ್ತ ಹೋಗುವ ಹಿಂಡು ಮುಂಗಾರಿಗೆ ಮುನ್ನ ಒಣನೆಲಕ್ಕೆ ಮರಳಬೇಕು. ಒರಟು ಉಣ್ಣೆಯ ದಖನಿ ಕುರಿ ಬಿಸಿಲು, ನಡಿಗೆ, ಅರೆಹೊಟ್ಟೆ ತಡೆಯುತ್ತದೆ. ಕೆಸರಲ್ಲಿ ಹಗಲುರಾತ್ರಿ ನಿಂತರೆ ಮಾತ್ರ ಗೊರಸಿನ ಸಂದು ಕೊಳೆತು ಕುಂಟುತ್ತದೆ, ಹೊಟ್ಟೆಗೆ ಜಂತು ಸೇರುತ್ತದೆ.

ಈ ತಿರುಗಾಟ ನಡೆಯುವುದು ರೈತನ ಹೊಲದ ಮೇಲೆ. ಹಗಲು ಕೂಳೆ, ರವದಿ, ಬದುವಿನ ಹುಲ್ಲು ಮೇಯುವ ಹಿಂಡು ರಾತ್ರಿ ಒಪ್ಪಂದವಾದ ಹೊಲದಲ್ಲಿ ತಂಗುತ್ತದೆ. ಕುರಿಯ ಎಣಿಕೆ ಮತ್ತು ರಾತ್ರಿಗಳ ಲೆಕ್ಕದ ಮೇಲೆ ರೈತ ಹಣ ಕೊಡುತ್ತಾನೆ, ಕೆಲವೆಡೆ ಕಾಳೂ ಸೇರುತ್ತದೆ. ಹಿಂದೆ ಕಾಳೇ ಮುಖ್ಯವಾಗಿತ್ತು.

ಗೂಟ ನೆಟ್ಟು ಚೌಕಾಕಾರವಾಗಿ ಬಲೆ ಕಟ್ಟಿ ಹಿಂಡನ್ನು ಒಳಗೆ ಕೂಡುತ್ತಾರೆ. ಎಳೆಮರಿಗಳಿಗೆ ಬೇರೆಯೇ ಜಾಗ. ಮರುದಿನ ಬಲೆ ಪಕ್ಕದ ತುಂಡಿಗೆ ಸರಿಯುತ್ತದೆ. ನಾನೂರು ಕುರಿಯ ಹಿಂಡೆಂದುಕೊಳ್ಳಿ. ಒಂದು ಕುರಿ ಆರಾಮಾಗಿ ಮಲಗಲು ಸುಮಾರು ಒಂದು ಚದರ ಮೀಟರ್ ಬೇಕು. ಎಂದರೆ ರಾತ್ರಿಗೆ 400 ಚದರ ಮೀಟರ್. ಎಕರೆಗೆ ಸುಮಾರು 4,000 ಚದರ ಮೀಟರ್ ಇರುವುದರಿಂದ ಹತ್ತು ರಾತ್ರಿಗೆ ಒಂದು ಎಕರೆ ಮುಗಿಯುತ್ತದೆ. ಕುರಿಯೊಂದು ರಾತ್ರಿ ಹಾಕುವ ಹಿಕ್ಕೆ ಅಂದಾಜು ಕಾಲು ಕಿಲೋ ಎಂದು ಹಿಡಿದರೂ ಎಕರೆಗೆ ಒಂದು ಟನ್ ಆಯಿತು. ಅದರ ಜೊತೆ ಮೂತ್ರ. ಹಿಂಡು ನಿಲ್ಲಿಸುವುದರ ನಿಜವಾದ ಲಾಭ ಇಲ್ಲಿದೆ ಎಂದು ನಾನು ನಂಬುತ್ತೇನೆ: ಸಾರಜನಕದ ದೊಡ್ಡ ಪಾಲು ಮೂತ್ರದಲ್ಲಿರುತ್ತದೆ, ತಿಪ್ಪೆಗೊಬ್ಬರದಲ್ಲಿ ಅದು ಬಹುಮಟ್ಟಿಗೆ ಕಳೆದುಹೋಗಿರುತ್ತದೆ. ಇಲ್ಲಿ ನೇರವಾಗಿ ಮಣ್ಣಿಗೇ ಇಳಿಯುತ್ತದೆ.

ಆದರೆ ಹಿಂಡು ಎದ್ದ ಮೇಲೆ ವಾರಗಟ್ಟಲೆ ಹಾಗೇ ಬಿಟ್ಟರೆ ಬಿಸಿಲಿಗೆ ಆ ಸಾರಜನಕವೂ ಗಾಳಿಗೆ ಹೋಗುತ್ತದೆ. ಮೂಗಿಗೆ ಚುರುಕಾಗಿ ತಾಗುವ ವಾಸನೆ ಅದೇ. ಬೇಗ ಕುಂಟೆ ಹೊಡೆದು ಹಿಕ್ಕೆಯನ್ನು ಮಣ್ಣಲ್ಲಿ ಬೆರೆಸಿದ ರೈತನಿಗೆ ಕೊಟ್ಟ ಹಣ ದಕ್ಕುತ್ತದೆ. ಇನ್ನೊಂದು ತೊಡಕು ಜಾಲಿ. ಜಾಲಿಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಅದರ ಬೀಜ ಜೀವಂತವಾಗಿ ಹೊಲಕ್ಕೆ ಬರುತ್ತದೆ.

ಕುರಿಗಾಹಿಯ ಭಯ ಬೇರೆ. ಈ ಸೀಮೆಯಲ್ಲಿ ಗೋವಿನಜೋಳ ಹಬ್ಬಿದ ಮೇಲೆ ಕಟಾವಾದ ಹೊಲದಲ್ಲಿ ಬಿದ್ದ ತೆನೆಗಳು ಹಿಂಡಿಗೆ ಔತಣವೂ ಹೌದು, ಅಪಾಯವೂ ಹೌದು. ಹಸಿದ ಕುರಿ ಕಾಳನ್ನು ಹೊಟ್ಟೆ ತುಂಬ ತಿಂದರೆ ಅದರ ಪಿಷ್ಟ ಒಮ್ಮೆಗೇ ಹುದುಗಿ ಹೊಟ್ಟೆಯೊಳಗೆ ಹುಳಿ ಏರುತ್ತದೆ. ಮೊದಲ ಗುರುತು: ಕುರಿ ಮೆಲುಕು ಹಾಕುವುದಿಲ್ಲ. ತಲೆ ತಗ್ಗಿಸಿ ಹಿಂದೆ ಉಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಹಿಕ್ಕೆಯ ಬದಲು ಹುಳಿನಾತದ ಭೇದಿ. ಆಮೇಲೆ ತೂರಾಡಿ ಬಿದ್ದ ಕುರಿ ಒಂದೆರಡು ದಿನದಲ್ಲಿ ಸಾಯಬಹುದು. ಬೇಗ ಕಂಡರೆ ಅಡುಗೆ ಸೋಡಾ ಕರಗಿಸಿದ ನೀರು ಕುಡಿಸಿ ಪಶುವೈದ್ಯರನ್ನು ಕರೆಸುತ್ತಾರೆ. ಆದ್ದರಿಂದ ತಿಳಿದವರು ಹಸಿದ ಹಿಂಡನ್ನು ಅಂಥ ಹೊಲಕ್ಕೆ ನುಗ್ಗಿಸುವುದಿಲ್ಲ. ಮೊದಲು ಒಣಹುಲ್ಲು ಮೇಯಿಸಿ, ಮೊದಲ ದಿನ ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಎಬ್ಬಿಸಿ, ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಾರೆ.

ಬಿಳಿಜೋಳದ ಕೂಳೆ ಇನ್ನೂ ಕೆಟ್ಟದ್ದು. ಒಣಗಿದ ಹೊಲಕ್ಕೆ ಒಂದು ಮಳೆ ಬಿದ್ದು ಎಳೆ ಚಿಗುರು ಬಂದಾಗ ಅದರಿಂದ ಸಯನೈಡ್ ವಿಷ ಹುಟ್ಟುತ್ತದೆ. ಕುರಿ ಏದುಸಿರು ಬಿಟ್ಟು ನಿಮಿಷಗಳಲ್ಲೇ ಉರುಳಬಹುದು. ಹಳಬರು ಮೊಳಕಾಲುದ್ದವಾಗದ ಜೋಳದ ಚಿಗುರಿನ ಹತ್ತಿರ ಹಿಂಡನ್ನು ಸುಳಿಸುವುದಿಲ್ಲ.

ಬೀಳು, ಹುಲ್ಲುಗಾವಲು ಕಡಿಮೆಯಾದಷ್ಟೂ ಇಂಥ ಹೊಲಗಳ ಮೇಲಿನ ಅವಲಂಬನೆ ಹೆಚ್ಚುತ್ತದೆ. ರಾಣೆಬೆನ್ನೂರಿನ ಹುಲ್ಲುಗಾಡಿನ ದೊಡ್ಡ ಭಾಗ ನೀಲಗಿರಿ ನೆಡುತೋಪಾಯಿತು. 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವೂ ಆಯಿತು. ಕೃಷ್ಣಮೃಗಕ್ಕೂ ಕುರಿಗೂ ಬೇಕಾದದ್ದು ಒಂದೇ ಹುಲ್ಲು, ತೋಳಕ್ಕೆ ಎರಡೂ ಬೇಟೆ. ಹೀಗಾಗಿ ರಾತ್ರಿ ಬಲೆಯ ಸುತ್ತ ನಾಯಿಗಳು ಇರಲೇಬೇಕು.

ಈಗ ಕೊಳವೆಬಾವಿ ಇದ್ದ ಹೊಲದಲ್ಲಿ ಗೋವಿನಜೋಳ ಎತ್ತಿದ ಕೂಡಲೇ ಇನ್ನೊಂದು ಬೆಳೆ ಬೀಳುತ್ತದೆ. ಹೊಲ ಬರಿದಾಗಿ ಇರುವ ದಿನ ಕಡಿಮೆ. ಅದಕ್ಕೇ ಕುರಿಗಾಹಿ ಹಿಂದಿನಂತೆ ಊರು ಮುಟ್ಟಿದ ಮೇಲೆ ಮಾತಾಡುವುದಿಲ್ಲ, ಮೊದಲೇ ಫೋನು ಮಾಡಿ ಕೇಳುತ್ತಾನೆ: ‘ಗೌಡ್ರ, ರಾಶಿ ಯಾವಾಗ? ಬಿತ್ತೋದು ಯಾವಾಗ?’ ಈ ಎರಡು ದಿನಗಳ ನಡುವೆ ಹತ್ತು ರಾತ್ರಿ ಸಿಗದಿದ್ದರೆ ಹಿಂಡು ಮುಂದಿನ ಊರಿನ ದಾರಿ ಹಿಡಿಯುತ್ತದೆ.