‘ಸರ್, ಸ್ವಲ್ಪ ಗೈಡ್ ಮಾಡಿ’

‘ನಮಸ್ತೆ ಸರ್, ನಾನು ನಿಮ್ಮದೇ ಕಾಲೇಜಿನ ಫೈನಲ್ ಇಯರ್. ಅನಲಿಟಿಕ್ಸ್‌ನಲ್ಲಿ ಕೆಲಸ ಮಾಡುವ ಆಸೆ ಇದೆ. ಸ್ವಲ್ಪ ಗೈಡ್ ಮಾಡಿ.’ ಈ ಕ್ಷೇತ್ರದಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ಬರುವ ಮೆಸೇಜುಗಳು ಹೆಚ್ಚಾಗಿ ಇದೇ ಧಾಟಿಯವು. ಇದಕ್ಕೆ ಸರಿಯಾಗಿ ಉತ್ತರಿಸಲು ಕೂತರೆ ಒಂದು ಪುಸ್ತಕವೇ ಆದೀತು. ಹಾಗಾಗಿ ಸೀನಿಯರ್ ‘ಎಸ್‌ಕ್ಯೂಎಲ್ ಕಲಿ, ಪೈಥಾನ್ ಕಲಿ’ ಎಂದು ಹೇಳಿ ಮುಗಿಸುತ್ತಾರೆ. ಅಷ್ಟು ಹುಡುಗನಿಗೆ ಮೊದಲೇ ಗೊತ್ತಿತ್ತು.

ಅದೇ ಹುಡುಗ ಹೀಗೆ ಬರೆದ ಎನ್ನಿ: ‘ಸರ್, ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಿಂದ ಈರುಳ್ಳಿ ಧಾರಣೆ ತೆಗೆದುಕೊಂಡು ಎರಡು ಮಾರುಕಟ್ಟೆಗಳ ಸರಾಸರಿ ಹಾಕಿದೆ. ಕ್ವಿಂಟಲ್‌ಗೆ 2500 ರೂಪಾಯಿ ಬಂತು. ಮಂಡಿಯಲ್ಲಿರುವ ನಮ್ಮ ಮಾವ, ಅವತ್ತು ಬಹಳ ಜನಕ್ಕೆ ಸಿಕ್ಕಿದ್ದೇ ಎರಡು ಸಾವಿರ ಅಂತಾರೆ. ನಾನು ಎಲ್ಲಿ ಎಡವಿದೆ?’

ಈಗ ಸೀನಿಯರ್‌ಗೆ ಹಿಡಿಯಲು ಒಂದು ಎಳೆ ಸಿಕ್ಕಿತು. ಮೊದಲು ಕೇಳುವುದೇ ‘ಆವಕ ಎಷ್ಟಿತ್ತು?’ ಎಂದು. ಒಂದು ಮಾರುಕಟ್ಟೆಗೆ 100 ಕ್ವಿಂಟಲ್ ಬಂದು 3000ಕ್ಕೆ ಹೋಗಿದೆ, ಇನ್ನೊಂದಕ್ಕೆ 900 ಕ್ವಿಂಟಲ್ ಬಂದು 2000ಕ್ಕೆ ಹೋಗಿದೆ ಎಂದಿಟ್ಟುಕೊಳ್ಳೋಣ. ಎರಡೂ ದರ ಕೂಡಿ ಅರ್ಧ ಮಾಡಿದರೆ 2500. ಆದರೆ ಆವಕವನ್ನೂ ಲೆಕ್ಕಕ್ಕೆ ತಂದರೆ:

```
SUM(price * arrivals) / SUM(arrivals)
```

ಬರುವುದು 2100. ಮಾವನ ಮಾತೇ ಸತ್ಯಕ್ಕೆ ಹತ್ತಿರ. ಇನ್ನೊಂದು ಕಡೆಯೂ ಕಾಲು ಜಾರುತ್ತದೆ. ಮಾರುಕಟ್ಟೆಗೆ ರಜೆ ಇದ್ದ ದಿನದ ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ ತಿಂಗಳ ಸಾಮಾನ್ಯ ಸರಾಸರಿ ಸುಮ್ಮನೆ ಕುಸಿಯುತ್ತದೆ. ವಹಿವಾಟು ನಡೆಯದ ದಿನಕ್ಕೆ ದರ ಸೊನ್ನೆಯಲ್ಲ, ದರವೇ ಇಲ್ಲ. ದರ ಒಮ್ಮೆಗೇ ಬಿದ್ದಂತೆ ಕಂಡ ದಿನ ಮೊದಲು ಆವಕದ ಕಾಲಂ ನೋಡಬೇಕು.

ಹೊಸಬರಿಗೆ ಕಂಪನಿಯಲ್ಲಿ ಸಿಗುವ ಕೆಲಸವೂ ಬಹುಪಾಲು ಇಂಥದ್ದೇ. ಈ ತಿಂಗಳ ಮಾರಾಟ ಯಾಕೆ ಇಳಿಯಿತು ಎಂದು ಮ್ಯಾನೇಜರ್ ಕೇಳಿದರೆ, ಕಾರಣ ಹುಡುಕುವ ಮೊದಲು ನಿಜವಾಗಿಯೂ ಇಳಿದಿದೆಯೇ ಎಂದು ನೋಡಬೇಕಾಗುತ್ತದೆ. ಈರುಳ್ಳಿ ಲೆಕ್ಕಕ್ಕೆ ಬೆಲೆ ಬರುವುದು ಇಲ್ಲೇ. ರೆಸ್ಯೂಮೆಯಲ್ಲಿ ಟೈಟಾನಿಕ್ ಪ್ರಯಾಣಿಕರ ಆ 891 ಸಾಲುಗಳ ಡೇಟಾ ಇದ್ದರೆ ಸಂದರ್ಶಕರು ಮುಂದಿನ ಪುಟಕ್ಕೆ ಹೋಗುತ್ತಾರೆ. ಅದನ್ನು ಅವರು ಸಾಕಷ್ಟು ನೋಡಿರುತ್ತಾರೆ. ಈರುಳ್ಳಿ ಕಂಡರೆ ‘ಡೇಟಾ ಎಲ್ಲಿಂದ ತಂದೆ, ಯಾವ ಸಾಲು ಬಿಟ್ಟೆ, ಯಾಕೆ?’ ಎಂದು ಕೇಳಬಹುದು. ಸ್ವತಃ ಮಾಡಿದವನಿಗೆ ಆ ಪ್ರಶ್ನೆ ಕಷ್ಟವಲ್ಲ.

ಎಸ್‌ಕ್ಯೂಎಲ್ ಮೊದಲೋ ಪೈಥಾನ್ ಮೊದಲೋ ಎಂಬ ಜಗಳ ನನ್ನ ಮಟ್ಟಿಗೆ ದೊಡ್ಡದಲ್ಲ. ಕಂಪನಿಗಳ ಡೇಟಾ ಟೇಬಲ್‌ಗಳಲ್ಲೇ ಇರುವುದರಿಂದ ಎಸ್‌ಕ್ಯೂಎಲ್ ಮೊದಲಿರಲಿ.

ರೆಫರಲ್ ಮಾತ್ರ ಮೊದಲ ಮೆಸೇಜಿನಲ್ಲೇ ಕೇಳಬಾರದು. ರೆಫರ್ ಮಾಡುವವರು ಆಫೀಸಿನಲ್ಲಿ ತಮ್ಮ ಹೆಸರನ್ನೇ ಪಣಕ್ಕಿಟ್ಟಿರುತ್ತಾರೆ. ಸೀನಿಯರ್ ಹೇಳಿದಂತೆ ತಿದ್ದಿ, ‘ಸರ್, ಈಗ 2100 ಬಂತು, ಫೈಲ್ ಕಳಿಸಿದ್ದೇನೆ. ನಿಮ್ಮಲ್ಲಿ ಫ್ರೆಶರ್‌ಗಳನ್ನು ಯಾವ ಟೀಮಿಗೆ ತೆಗೆದುಕೊಳ್ಳುತ್ತಾರೆ?’ ಎಂದು ಬರೆದರೆ, ಉತ್ತರಿಸುವವರಿಗೂ ಎರಡೇ ನಿಮಿಷದ ಕೆಲಸ.